ಸೊನ್ನೆಗಳು ಹಿಂದಕ್ಕೆ, ಉಳಿದವು ಇದ್ದ ಕ್ರಮದಲ್ಲೇ

ಮೊಬೈಲಿನಲ್ಲಿ 2048 ಆಟ ಆಡಿದವರಿಗೆ ಈ ಲೆಕ್ಕ ಆಗಲೇ ಗೊತ್ತಿದೆ, ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ. 2014ರ ಮಾರ್ಚ್ ತಿಂಗಳಲ್ಲಿ ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಎಂಬ 19ರ ಹುಡುಗ ಬರೆದ ಆಟ ಅದು. ಸಾಲಿಗೆ ನಾಲ್ಕರಂತೆ ಹದಿನಾರು ಮನೆಗಳು. ಕೆಲವು ಮನೆಗಳಲ್ಲಿ 2, 4, 8 ಎಂಬ ಬಿಲ್ಲೆಗಳು, ಉಳಿದವು ಖಾಲಿ. ಬೆರಳನ್ನು ಎಡಕ್ಕೆ ಎಳೆದರೆ ಬಿಲ್ಲೆಗಳೆಲ್ಲ ಎಡಗೋಡೆಯತ್ತ ಜರುಗುತ್ತವೆ, ಖಾಲಿ ಮನೆಗಳೆಲ್ಲ ಬಲಕ್ಕೆ ಸೇರುತ್ತವೆ. ಜರುಗುವಾಗ ಒಂದು ಬಿಲ್ಲೆ ಇನ್ನೊಂದನ್ನು ದಾಟಿ ಮುಂದೆ ಹೋಗುವುದಿಲ್ಲ. 2ರ ಹಿಂದೆ 4 ಇದ್ದರೆ, ಜರುಗಿದ ಮೇಲೂ 2ರ ಹಿಂದೆಯೇ 4.

ಖಾಲಿ ಮನೆಯನ್ನು ಕಂಪ್ಯೂಟರಿನೊಳಗೆ ಸೊನ್ನೆ ಎಂದು ಬರೆದಿಟ್ಟುಕೊಳ್ಳಿ. ಆಗ ಒಂದು ಸಾಲು `[2, 0, 2, 4]` ಎಂದಾಗುತ್ತದೆ. ಎಡಕ್ಕೆ ಎಳೆಯುವುದರ ಮೊದಲ ಹೆಜ್ಜೆ ಅದನ್ನು `[2, 2, 4, 0]` ಮಾಡುವುದು. ಸೊನ್ನೆಗಳೆಲ್ಲ ಕೊನೆಗೆ ಹೋಗಬೇಕು, ಸೊನ್ನೆಯಲ್ಲದವು ತಮ್ಮತಮ್ಮಲ್ಲಿ ಇದ್ದ ಕ್ರಮದಲ್ಲೇ ಉಳಿಯಬೇಕು, ಹೊಸ ಸಾಲೊಂದನ್ನು ಮಾಡದೆ ಇರುವ ಸಾಲಿನಲ್ಲೇ ಇದು ಆಗಬೇಕು. ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರು ಲೀಟ್‌ಕೋಡ್ ತಾಣದಲ್ಲಿ ಇದನ್ನು 283ನೇ ಲೆಕ್ಕವಾಗಿ ಬಿಡಿಸುತ್ತಾರೆ. ಅಲ್ಲಿ ಇದನ್ನು ಸುಲಭದ ಲೆಕ್ಕಗಳ ಪಟ್ಟಿಗೆ ಸೇರಿಸಿದ್ದಾರೆ. ಬರೆಯುವುದು ಸುಲಭ ನಿಜ, ಆರೇಳು ಸಾಲಿನ ಕೋಡ್ ಸಾಕು. ಆದರೆ ಅದು ಏಕೆ ಅಷ್ಟು ಸುಲಭವಾಯಿತು ಎಂಬುದನ್ನು ತಿಳಿಯದೆ ಬಾಯಿಪಾಠ ಮಾಡಿದವರು, ಲೆಕ್ಕ ಸ್ವಲ್ಪ ಬದಲಾದಾಗ ದತ್ತಾಂಶವನ್ನೇ ಕೆಡಿಸಿಕೊಳ್ಳುತ್ತಾರೆ. ನಾನು ಹೇಳಹೊರಟಿರುವುದು ಆ ಕಾರಣವನ್ನು.

ಮೊದಲು 'ಇರುವ ಸಾಲಿನಲ್ಲೇ' ಎಂಬ ಷರತ್ತನ್ನು ನೋಡೋಣ. ಎರಡನೆಯ ಸಾಲು ಮಾಡಿಕೊಳ್ಳಲು ಬಿಟ್ಟರೆ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ. ಸೊನ್ನೆಯಲ್ಲದವನ್ನು ಒಂದೊಂದಾಗಿ ಹೊಸ ಸಾಲಿಗೆ ಬರೆದು, ಮಿಕ್ಕ ಜಾಗಕ್ಕೆ ಸೊನ್ನೆ ತುಂಬಿದರೆ ಆಯಿತು. ಆದರೆ ಹತ್ತು ಲಕ್ಷ ಸಂಖ್ಯೆಗಳ ಸಾಲು, ಸಂಖ್ಯೆಗೆ 4 ಬೈಟ್‌ನಂತೆ, 40 ಲಕ್ಷ ಬೈಟ್ ಮೆಮೊರಿ ಹಿಡಿಯುತ್ತದೆ. ಹೊಸ ಸಾಲೆಂದರೆ ಇನ್ನೂ ಅಷ್ಟೇ ಜಾಗ. ದೊಡ್ಡ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ, ಸಣ್ಣ ಉಪಕರಣದೊಳಗಿನ ಚಿಪ್ಪಿಗೆ ಅಷ್ಟು ಮೆಮೊರಿಯೇ ಇರುವುದಿಲ್ಲ.

ಇನ್ನೊಂದು ಕಾರಣ ಮೆಮೊರಿಗಿಂತ ಮುಖ್ಯವಾದದ್ದು. ಒಂದೇ ಸಾಲನ್ನು ಪ್ರೋಗ್ರಾಮಿನ ಹಲವು ಭಾಗಗಳು ನೋಡುತ್ತಿರುತ್ತವೆ. ಆಟದ ಸಾಲನ್ನು ಬದಲಿಸುವುದು ಒಂದು ಫಂಕ್ಷನ್, ತೆರೆಯ ಮೇಲೆ ಬರೆಯುವುದು ಇನ್ನೊಂದು. ಹೊಸ ಸಾಲು ಮಾಡಿಕೊಂಡರೆ ಬರೆಯುವ ಫಂಕ್ಷನ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಪೈಥಾನ್ ಕಲಿಯುವವರು ಇಲ್ಲಿ ತುಂಬ ಎಡವುತ್ತಾರೆ. ಫಂಕ್ಷನ್ನಿನೊಳಗೆ `a = [x for x in a if x != 0]` ಎಂದು ಬರೆದು, ಕೊನೆಗೆ ಸೊನ್ನೆಗಳನ್ನು ಸೇರಿಸಿ, ಅಲ್ಲೇ ಮುದ್ರಿಸಿ ನೋಡಿದರೆ ಉತ್ತರ ಸರಿಯಾಗಿಯೇ ಕಾಣುತ್ತದೆ. ಹೊರಗೆ ಬಂದು ನೋಡಿದರೆ ಸಾಲು ಮೊದಲಿನ ಹಾಗೇ ಇರುತ್ತದೆ. ಏಕೆಂದರೆ ಆ ಸಾಲಿನಿಂದ ಆದದ್ದು ಇಷ್ಟೇ: ಒಳಗಿನ `a` ಎಂಬ ಹೆಸರು ಹೊಸದೊಂದು ಸಾಲಿಗೆ ಅಂಟಿಕೊಂಡಿತು, ಹಳೆಯ ಸಾಲನ್ನು ಯಾರೂ ಮುಟ್ಟಲಿಲ್ಲ. `a[:] =` ಎಂದು ಬರೆದರೆ ಹಳೆಯ ಸಾಲಿನೊಳಗೇ ಹೋಗಿ ತುಂಬುತ್ತದೆ, ಹೊರಗೂ ಬದಲಾವಣೆ ಕಾಣುತ್ತದೆ. ಆದರೂ ನಡುವೆ ಇನ್ನೊಂದು ಸಾಲು ಹುಟ್ಟಿ ಸಾಯುತ್ತದೆ, ಹಾಗಾಗಿ ಮೆಮೊರಿಯ ಷರತ್ತು ಮುರಿದಂತೆಯೇ.

ಷರತ್ತುಗಳನ್ನು ಪಾಲಿಸುತ್ತ ಯೋಚಿಸಿದಾಗ ಯಾರಿಗಾದರೂ ಮೊದಲು ಹೊಳೆಯುವುದು ಇದು: ಸೊನ್ನೆ ಸಿಕ್ಕಿದಾಗ ಅದನ್ನು ಕಿತ್ತು ಕೊನೆಗೆ ಹಾಕು. ಪೈಥಾನ್‌ನಲ್ಲಿ `a.pop(i)` ಎಂದರೆ ಕಿತ್ತಂತೆ, `a.append(0)` ಎಂದರೆ ಕೊನೆಗೆ ಹಾಕಿದಂತೆ. ಎರಡೇ ಆಜ್ಞೆ. ಇದರಲ್ಲಿ ಎರಡು ತೊಂದರೆಗಳಿವೆ.

ಒಂದು, ತಪ್ಪು ಉತ್ತರ. `[0, 0, 1]` ಎಂಬ ಸಾಲನ್ನು ತೆಗೆದುಕೊಳ್ಳಿ. 0ನೇ ಮನೆಯಲ್ಲಿ ಸೊನ್ನೆ ಇದೆ, ಕಿತ್ತು ಹಿಂದಕ್ಕೆ ಹಾಕಿದೆವು. ಸಾಲು `[0, 1, 0]` ಆಯಿತು. ಎರಡನೆಯ ಸೊನ್ನೆ ಈಗ ಜರುಗಿ 0ನೇ ಮನೆಗೇ ಬಂದು ಕೂತಿದೆ. ಆದರೆ ನಮ್ಮ ಎಣಿಕೆ ಆಗಲೇ 1ನೇ ಮನೆಗೆ ಹೋಗಿಯಾಗಿದೆ. ಅಲ್ಲಿ 1 ಇದೆ, ಬಿಟ್ಟೆವು. 2ನೇ ಮನೆಯಲ್ಲಿ ಸೊನ್ನೆ, ಕಿತ್ತು ಮತ್ತೆ ಅಲ್ಲೇ ಹಾಕಿದೆವು. ಕೊನೆಯ ಉತ್ತರ `[0, 1, 0]`. ಜೊತೆಜೊತೆಯಾಗಿ ಬಂದ ಎರಡು ಸೊನ್ನೆಗಳಲ್ಲಿ ಒಂದು ಕಣ್ತಪ್ಪಿಸಿಕೊಂಡಿತು. ಸೊನ್ನೆಗಳು ಬಿಡಿಬಿಡಿಯಾಗಿರುವ ಸಾಲಿನಲ್ಲಿ ಈ ಕೋಡ್ ಸರಿಯಾಗಿಯೇ ನಡೆಯುತ್ತದೆ, ಹಾಗಾಗಿ ಒಂದೆರಡು ಉದಾಹರಣೆ ನೋಡಿ ಸುಮ್ಮನಾದವರಿಗೆ ದೋಷ ಗೊತ್ತೇ ಆಗುವುದಿಲ್ಲ. 'ಸೊನ್ನೆ ಕಿತ್ತಾಗ ಎಣಿಕೆ ಮುಂದೆ ಹೋಗದಿರಲಿ' ಎಂದು ತಿದ್ದಿದರೆ ಇನ್ನೊಂದು ಪೇಚು: ಸಾಲಿನ ಬಾಲಕ್ಕೆ ಬಂದಾಗ ಅಲ್ಲಿರುವುದೆಲ್ಲ ನಾವೇ ಹಾಕಿದ ಸೊನ್ನೆಗಳು. ಅವನ್ನೇ ಕಿತ್ತು ಅವನ್ನೇ ಹಾಕುತ್ತ ಪ್ರೋಗ್ರಾಮು ನಿಲ್ಲದೆ ಸುತ್ತುತ್ತದೆ.

ಎರಡನೆಯ ತೊಂದರೆ ವೇಗದ್ದು. ಸಾಲಿನ ಮನೆಗಳು ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಒಂದನ್ನು ಕಿತ್ತರೆ ಅದರ ಹಿಂದಿನವೆಲ್ಲ ಒಂದೊಂದು ಮನೆ ಮುಂದೆ ಜರುಗಲೇಬೇಕು. `pop` ಎಂಬ ಒಂದು ಪದದ ಹಿಂದೆ ಇಷ್ಟು ಕೆಲಸ ಅಡಗಿದೆ. ಒಂದು ಲಕ್ಷ ಸಂಖ್ಯೆಗಳ ಸಾಲಿನಲ್ಲಿ ಮೊದಲ ಐವತ್ತು ಸಾವಿರ ಸೊನ್ನೆಗಳೇ ಇದ್ದರೆ, ಒಂದೊಂದು ಸೊನ್ನೆ ಕಿತ್ತಾಗಲೂ ಸುಮಾರು ಒಂದು ಲಕ್ಷ ಸಂಖ್ಯೆಗಳು ಜರುಗುತ್ತವೆ. ಒಟ್ಟು ಸುಮಾರು 500 ಕೋಟಿ ಜರುಗಾಟ. ಇದೇ ಕೆಲಸವನ್ನು ಸಾಲಿನ ಮೇಲೆ ಒಂದೇ ಸಲ, ಲಕ್ಷ ಹೆಜ್ಜೆಗಳಲ್ಲಿ ನಡೆದು ಮುಗಿಸಬಹುದು.

ಅದಕ್ಕೆ ಬೇಕಾದದ್ದು ದೃಷ್ಟಿಯನ್ನು ತಿರುಗಿಸುವುದು. ಸೊನ್ನೆಗಳನ್ನು ಹಿಂದಕ್ಕೆ ತಳ್ಳುವ ಯೋಚನೆ ಬಿಡಿ. ಸೊನ್ನೆಯಲ್ಲದವನ್ನು ಮುಂದಕ್ಕೆ ತನ್ನಿ, ಸೊನ್ನೆಗಳು ತಾವಾಗಿ ಹಿಂದೆ ಉಳಿಯುತ್ತವೆ. ಸಾಲಿನ ಮೇಲೆ ಎರಡು ಬೆರಳು ಇಟ್ಟುಕೊಳ್ಳಿ. ಒಂದು ಓದುವ ಬೆರಳು. ಅದು ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಒಂದೂ ಬಿಡದೆ ನಡೆಯುತ್ತದೆ. ಇನ್ನೊಂದು ಬರೆಯುವ ಬೆರಳು. ಮುಂದಿನ ಒಳ್ಳೆಯ ಸಂಖ್ಯೆ ಎಲ್ಲಿ ಕೂರಬೇಕೋ ಆ ಮನೆಯನ್ನು ಅದು ತೋರಿಸುತ್ತಿರುತ್ತದೆ. ಓದುವ ಬೆರಳಿಗೆ ಸೊನ್ನೆ ಸಿಕ್ಕರೆ ಏನೂ ಮಾಡಬೇಕಿಲ್ಲ. ಬೇರೆ ಸಂಖ್ಯೆ ಸಿಕ್ಕರೆ, ಎರಡು ಬೆರಳುಗಳ ಕೆಳಗಿರುವುದನ್ನು ಅದಲುಬದಲು ಮಾಡಿ ಬರೆಯುವ ಬೆರಳನ್ನು ಒಂದು ಮನೆ ಮುಂದಿಡಿ. ಪೈಥಾನ್‌ನಲ್ಲಿ ಹೀಗೆ:

```python
def move_zeros(a):
    w = 0
    for r in range(len(a)):
        if a[r] != 0:
            a[w], a[r] = a[r], a[w]
            w += 1
```

`r` ಓದುವ ಬೆರಳು, `w` ಬರೆಯುವ ಬೆರಳು. ಕೊನೆಯ ಸಾಲು `if` ಒಳಗೇ ಇರಬೇಕು. ಅದು ಒಂದು ಹೆಜ್ಜೆ ಎಡಕ್ಕೆ ಸರಿದು `if` ಹೊರಗೆ ಬಂದರೆ ಎರಡು ಬೆರಳೂ ಜೊತೆಯಾಗಿಯೇ ನಡೆಯುತ್ತವೆ, ಪ್ರತಿ ಸಂಖ್ಯೆಯೂ ತನ್ನೊಡನೆಯೇ ಅದಲುಬದಲಾಗುತ್ತದೆ. ಕೋಡ್ ಯಾವ ದೂರನ್ನೂ ಹೇಳದೆ ಓಡಿ, ಕೊಟ್ಟ ಸಾಲನ್ನೇ ವಾಪಸು ಕೊಡುತ್ತದೆ. ಉತ್ತರ ಮೂಲ ಸಾಲಿನಂತೆಯೇ ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಕಾಗದದ ಮೇಲೆ `[0, 4, 0, 0, 7, 5]` ಬರೆದು ನಡೆಸಿ ನೋಡೋಣ. ಎರಡು ಬೆರಳೂ 0ನೇ ಮನೆಯಲ್ಲಿವೆ. ಅಲ್ಲಿ ಸೊನ್ನೆ. ಓದುವ ಬೆರಳು ಮುಂದೆ ಹೋಯಿತು, ಬರೆಯುವುದು ಅಲ್ಲೇ ನಿಂತಿತು. 1ನೇ ಮನೆಯಲ್ಲಿ 4 ಸಿಕ್ಕಿತು. 0ನೇ ಮನೆಯೊಂದಿಗೆ ಅದಲುಬದಲು ಮಾಡಿದರೆ `[4, 0, 0, 0, 7, 5]`. ಬರೆಯುವ ಬೆರಳು 1ಕ್ಕೆ ಬಂತು. 2 ಮತ್ತು 3ನೇ ಮನೆಗಳಲ್ಲಿ ಸೊನ್ನೆ, ಓದುವ ಬೆರಳು ದಾಟಿ ಹೋಯಿತು. 4ನೇ ಮನೆಯಲ್ಲಿ 7. 1ನೇ ಮನೆಯೊಂದಿಗೆ ಬದಲಾಯಿಸಿದರೆ `[4, 7, 0, 0, 0, 5]`. ಬರೆಯುವ ಬೆರಳು 2ಕ್ಕೆ. 5ನೇ ಮನೆಯಲ್ಲಿ 5, ಅದನ್ನು 2ಕ್ಕೆ ತಂದರೆ `[4, 7, 5, 0, 0, 0]`. ಓದುವ ಬೆರಳು ಆರು ಮನೆ ನಡೆಯಿತು, ಮೂರು ಸಲ ಅದಲುಬದಲಾಯಿತು, ಕೆಲಸ ಮುಗಿಯಿತು.

ಇದು ಯಾವ ಸಾಲಿನಲ್ಲಾದರೂ ಸರಿಯಾಗಿಯೇ ನಡೆಯುತ್ತದೆ ಎಂದು ಹೇಗೆ ನಂಬುವುದು? ಮೇಲಿನ ನಡಿಗೆಯಲ್ಲಿ ಯಾವ ಕ್ಷಣದಲ್ಲಿ ಬೇಕಾದರೂ ನಿಲ್ಲಿಸಿ ನೋಡಿ, ಎರಡು ಮಾತುಗಳು ಸತ್ಯವಾಗಿರುತ್ತವೆ. ಬರೆಯುವ ಬೆರಳಿನ ಎಡಕ್ಕೆ ಇರುವುದೆಲ್ಲ ಇದುವರೆಗೆ ಓದಿದ ಸೊನ್ನೆಯಲ್ಲದ ಸಂಖ್ಯೆಗಳು, ಓದಿದ ಕ್ರಮದಲ್ಲೇ. ಬರೆಯುವ ಬೆರಳಿನಿಂದ ಓದುವ ಬೆರಳಿನ ಹಿಂದಿನ ಮನೆಯವರೆಗೆ ಇರುವುದೆಲ್ಲ ಸೊನ್ನೆಗಳು. ಓದುವ ಬೆರಳು 7ರ ಮೇಲೆ ನಿಂತಿದ್ದಾಗ 1, 2, 3ನೇ ಮನೆಗಳು ಮೂರೂ ಸೊನ್ನೆಯಾಗಿದ್ದವು ಎಂಬುದನ್ನು ಗಮನಿಸಿ. ಹೀಗಾಗಿ ಬೆರಳುಗಳು ಬೇರೆಬೇರೆ ಮನೆಯಲ್ಲಿದ್ದಾಗ, ಹೊಸ ಸಂಖ್ಯೆಯೊಂದನ್ನು ಮುಂದೆ ತಂದರೆ ಅದಕ್ಕೆ ಬದಲಾಗಿ ಹಿಂದಕ್ಕೆ ಹೋಗುವುದು ಯಾವಾಗಲೂ ಸೊನ್ನೆಯೇ. ಅಂದಮೇಲೆ ಎರಡು ಮಾತೂ ಮುಂದಿನ ಹೆಜ್ಜೆಗೂ ಹಾಗೇ ಉಳಿಯುತ್ತವೆ. ಓದುವ ಬೆರಳು ಸಾಲಿನಾಚೆ ಹೋದಾಗ ಇದೇ ಎರಡು ಮಾತು ನಮಗೆ ಬೇಕಾದ ಉತ್ತರವೇ ಆಗಿರುತ್ತದೆ. ಗಣಕ ವಿಜ್ಞಾನದಲ್ಲಿ ಇಂಥ ಮಾತಿಗೆ ಲೂಪ್ ಇನ್ವೇರಿಯಂಟ್ ಎನ್ನುತ್ತಾರೆ. ಕೋಡ್ ಮರೆತರೂ ಪರವಾಗಿಲ್ಲ, ಈ ಎರಡು ಮಾತು ನೆನಪಿದ್ದರೆ ಕೋಡನ್ನು ಮತ್ತೆ ಹುಟ್ಟಿಸಿಕೊಳ್ಳಬಹುದು.

ಅದಲುಬದಲು ಮಾಡದ ಇನ್ನೊಂದು ದಾರಿಯೂ ಇದೆ. ಒಳ್ಳೆಯ ಸಂಖ್ಯೆಯನ್ನು ಮುಂದಿನ ಮನೆಗೆ ನಕಲು ಮಾಡುತ್ತ ಹೋಗಿ, ಎಲ್ಲ ಮುಗಿದ ಮೇಲೆ ಬಾಲಕ್ಕೆ ಸೊನ್ನೆ ತುಂಬುವುದು. ಸಿ ಭಾಷೆಯಲ್ಲಿ ಬರೆದರೆ:

```c
int w = 0;
for (int r = 0; r < n; r++)
    if (a[r] != 0) a[w++] = a[r];
while (w < n) a[w++] = 0;
```

ನಕಲು ಮಾಡುವಾಗ ಇನ್ನೂ ಓದದ ಸಂಖ್ಯೆಯ ಮೇಲೆ ಬರೆದುಬಿಟ್ಟರೆ ಎಂಬ ಭಯ ಬರುವುದು ಸಹಜ. ಬರೆಯುವ ಬೆರಳು ಓದುವ ಬೆರಳನ್ನು ಎಂದೂ ದಾಟುವುದಿಲ್ಲ. ಓದುವುದು ಪ್ರತಿ ಸುತ್ತಿಗೂ ಮುಂದೆ ಹೋಗುತ್ತದೆ, ಬರೆಯುವುದು ಕೆಲವು ಸುತ್ತುಗಳಲ್ಲಿ ಮಾತ್ರ. ಹಾಗಾಗಿ ಬರೆಯುವ ಮನೆಯನ್ನು ಯಾವಾಗಲೂ ಮೊದಲೇ ಓದಿಯಾಗಿರುತ್ತದೆ. ನಮ್ಮ ಅದೇ ಉದಾಹರಣೆ ಮೊದಲ ಲೂಪ್ ಮುಗಿದಾಗ `[4, 7, 5, 0, 7, 5]` ಎಂದಾಗಿರುತ್ತದೆ. ಬಾಲದಲ್ಲಿರುವ 7 ಮತ್ತು 5 ಹಳೆಯ ಪ್ರತಿಗಳು. ಕೊನೆಯ `while` ಸಾಲು ಅವನ್ನು ಒರೆಸಿ ಸೊನ್ನೆ ಮಾಡುತ್ತದೆ. ಆ ಸಾಲನ್ನು ಮರೆತರೆ ಉತ್ತರದಲ್ಲಿ ಸಂಖ್ಯೆಗಳು ಎರಡೆರಡು ಸಲ ಕಾಣಿಸಿಕೊಳ್ಳುತ್ತವೆ. ಮರೆತದ್ದನ್ನು ಪತ್ತೆ ಹಚ್ಚಲು ಅದೇ ಗುರುತು.

ಈ ಮರೆವು ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಸಿ ಪ್ಲಸ್ ಪ್ಲಸ್ ಭಾಷೆಯ `std::remove` ಎಂಬ ಫಂಕ್ಷನ್ ಮಾಡುವುದು ಮೊದಲ ಲೂಪಿನ ಕೆಲಸವನ್ನು ಮಾತ್ರ. ಬೇಡದ್ದನ್ನು ಬಿಟ್ಟು ಉಳಿದದ್ದನ್ನು ಕ್ರಮ ಕೆಡದಂತೆ ಮುಂದಕ್ಕೆ ತಂದು, ಬರೆಯುವ ಬೆರಳು ಎಲ್ಲಿ ನಿಂತಿತೆಂದು ಹೇಳಿ ಸುಮ್ಮನಾಗುತ್ತದೆ. ಸಾಲಿನ ಉದ್ದ ಮೊದಲಿನಷ್ಟೇ ಇರುತ್ತದೆ, ಬಾಲದಲ್ಲಿ ಏನಿರುತ್ತದೆ ಎಂಬುದಕ್ಕೆ ಭರವಸೆಯಿಲ್ಲ. ತೆಗೆಯುವುದೆಂದು ಹೆಸರಿದ್ದರೂ ಅದು ಏನನ್ನೂ ತೆಗೆಯುವುದಿಲ್ಲವೆಂದು ಹೊಸಬರು ಬೇಸ್ತು ಬೀಳುವುದು ಇದಕ್ಕೇ. ಬಾಲಕ್ಕೆ ಸೊನ್ನೆ ತುಂಬುವ ಕೆಲಸವನ್ನು ಜೊತೆಗೆ ಹೇಳಿದರೆ ನಮ್ಮ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ:

```cpp
std::fill(std::remove(v.begin(), v.end(), 0), v.end(), 0);
```

ಗೋ ಭಾಷೆಯ ಕಥೆ ಇನ್ನೂ ಹತ್ತಿರದ್ದು. 2023ರ ಆಗಸ್ಟಿನಲ್ಲಿ ಬಂದ 1.21ನೇ ಆವೃತ್ತಿಯಲ್ಲಿ `slices.DeleteFunc` ಎಂಬ ಫಂಕ್ಷನ್ ಸೇರಿತು. ಅದೂ ಬೇಕಾದವನ್ನು ಮುಂದಕ್ಕೆ ತಂದು ಚಿಕ್ಕದಾದ ಸಾಲನ್ನು ಮರಳಿಸುತ್ತಿತ್ತು, ಬಾಲವನ್ನು ಮುಟ್ಟುತ್ತಿರಲಿಲ್ಲ. ಸಾಲಿನಲ್ಲಿರುವುದು ಬರೀ ಸಂಖ್ಯೆಯಾಗಿದ್ದರೆ ಅಷ್ಟೇನೂ ಹಾನಿಯಿಲ್ಲ. ಆದರೆ ಮೆಮೊರಿಯ ಬೇರೆ ಜಾಗವನ್ನು ತೋರಿಸುವ ಪಾಯಿಂಟರುಗಳು ಅದರಲ್ಲಿದ್ದರೆ, ಬಾಲದಲ್ಲಿ ಉಳಿದ ಹಳೆಯ ಪ್ರತಿಗಳು ಆ ಜಾಗವನ್ನು ಹಿಡಿದುಕೊಂಡೇ ಇರುತ್ತವೆ. ಯಾರಿಗೂ ಬೇಡವಾದ ಮೆಮೊರಿ ಖಾಲಿಯಾಗದೆ ಉಳಿಯುತ್ತದೆ. 2024ರ ಫೆಬ್ರುವರಿಯ 1.22ನೇ ಆವೃತ್ತಿಯಲ್ಲಿ ಇದನ್ನು ಬದಲಿಸಿದರು. ಈಗ ಆ ಫಂಕ್ಷನ್ ಬಾಲಕ್ಕೆ ಸೊನ್ನೆ ತುಂಬಿಯೇ ಹೊರಬರುತ್ತದೆ. ನಮ್ಮ ಸಿ ಕೋಡಿನ ಆ ಕೊನೆಯ `while` ಸಾಲೇ ಅಲ್ಲಿ ಆರು ತಿಂಗಳ ನಂತರ ಬಂದು ಸೇರಿತೆನ್ನಬಹುದು.

ಎರಡು ದಾರಿಗಳಲ್ಲಿ ಯಾವುದು ಮೇಲು? ಅದಲುಬದಲಿನ ದಾರಿಯೇ ಉತ್ತಮವೆಂದು ಬಹಳ ಜನ ಹೇಳುತ್ತಾರೆ. ಎಣಿಸಿ ನೋಡಿದರೆ ಹಾಗಲ್ಲ. ಸಾವಿರ ಮನೆಗಳಲ್ಲಿ 999 ಸೊನ್ನೆಗಳಿದ್ದು ಕೊನೆಗೆ ಒಂದು 1 ಇದೆ ಎನ್ನಿ. ಅದಲುಬದಲಿನಲ್ಲಿ ಎರಡೇ ಸಲ ಬರೆಯಬೇಕು. ನಕಲಿನ ದಾರಿಯಲ್ಲಿ ಒಂದು ನಕಲು, ಮೇಲೆ 999 ಸೊನ್ನೆ, ಒಟ್ಟು ಸಾವಿರ ಬರಹ. ಈಗ ತಿರುಗಿಸಿ: ಮೊದಲ ಮನೆಯಲ್ಲಿ ಒಂದೇ ಸೊನ್ನೆ, ಹಿಂದೆ 999 ಒಳ್ಳೆಯ ಸಂಖ್ಯೆಗಳು. ನಕಲಿನ ದಾರಿಗೆ ಮತ್ತೆ ಸಾವಿರ ಬರಹ. ಅದಲುಬದಲಿನಲ್ಲಿ 999 ಬದಲಾವಣೆ, ಅಂದರೆ 1998 ಬರಹ. ಆ ಒಂಟಿ ಸೊನ್ನೆ ಒಂದೊಂದೇ ಮನೆ ಹಿಂದಕ್ಕೆ ಸರಿಯುತ್ತ ಸಾಲಿನುದ್ದ ಪ್ರಯಾಣ ಮಾಡುತ್ತದೆ. ಸೊನ್ನೆಗಳೇ ಹೆಚ್ಚಿರುವ ಸಾಲಿಗೆ ಅದಲುಬದಲು, ವಿರಳವಾಗಿ ಸೊನ್ನೆಯಿರುವ ಸಾಲಿಗೆ ನಕಲು. ಸೊನ್ನೆಯೇ ಇಲ್ಲದ ಸಾಲಿನಲ್ಲಿ ಎರಡು ಬೆರಳೂ ಕೊನೆಯವರೆಗೆ ಒಂದೇ ಮನೆಯಲ್ಲಿರುತ್ತವೆ, `w` ಮತ್ತು `r` ಬೇರೆಯಾಗಿದ್ದರೆ ಮಾತ್ರ ಬದಲಿಸು ಎಂದು ಸೇರಿಸಿದರೆ ಆ ವ್ಯರ್ಥ ಬರಹವೂ ತಪ್ಪುತ್ತದೆ.

ಈಗ ಕ್ರಮದ ಮಾತಿಗೆ ಬರೋಣ, ಈ ಲೆಕ್ಕದ ತಿರುಳು ಇರುವುದು ಅಲ್ಲಿ. ಕ್ರಮ ಬೇಡವೆಂದರೆ ಇನ್ನೂ ಕಡಿಮೆ ಬದಲಾವಣೆಯಲ್ಲಿ ಕೆಲಸ ಮುಗಿಸಬಹುದು. ಎಡತುದಿಯಿಂದ ಒಂದು ಬೆರಳು ಸೊನ್ನೆಯನ್ನು ಹುಡುಕುತ್ತ ಬರಲಿ, ಬಲತುದಿಯಿಂದ ಇನ್ನೊಂದು ಒಳ್ಳೆಯ ಸಂಖ್ಯೆಯನ್ನು ಹುಡುಕುತ್ತ ಬರಲಿ, ಸಿಕ್ಕ ಎರಡನ್ನು ಬದಲಿಸಿ. ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಕ್ವಿಕ್‌ಸಾರ್ಟ್‌ನಲ್ಲಿ ಸಾಲನ್ನು ಎರಡು ಪಾಲು ಮಾಡುವುದು ಇದೇ ರೀತಿಯಲ್ಲಿ. ಆದರೆ 2048 ಆಟದ `[0, 2, 4, 8]` ಸಾಲಿಗೆ ಇದನ್ನು ಹಚ್ಚಿದರೆ `[8, 2, 4, 0]` ಬರುತ್ತದೆ. ಕೊನೆಯಲ್ಲಿದ್ದ 8 ಎಲ್ಲರನ್ನೂ ಹಾರಿ ಗೋಡೆಗೆ ಬಂದಿತು. ಪಕ್ಕಪಕ್ಕದ ಸಮಾನ ಬಿಲ್ಲೆಗಳು ಕೂಡಿಕೊಳ್ಳುವ ಆಟದಲ್ಲಿ ಯಾವುದರ ಪಕ್ಕ ಯಾವುದಿದೆ ಎಂಬುದೇ ಎಲ್ಲ. ಅದು ಕೆಟ್ಟರೆ ಆಟವೇ ಇಲ್ಲ.

ಆ ಆಟದಲ್ಲಿ ನಮ್ಮ ಕೆಲಸ ಒಂದೇ ಎಳೆತಕ್ಕೆ ಎರಡು ಸಲ ಬೇಕಾಗುತ್ತದೆ. `[2, 0, 2, 4]` ಮೊದಲು ಒತ್ತಾಗಿ `[2, 2, 4, 0]` ಆಗುತ್ತದೆ. ಎರಡು 2ಗಳು ಕೂಡಿ 4 ಆಗಿ, ಒಂದು ಮನೆ ಖಾಲಿಯಾಗುತ್ತದೆ: `[4, 0, 4, 0]`. ನಡುವೆ ಮತ್ತೆ ತೆರಪು ಬಂತಲ್ಲ, ಹಾಗಾಗಿ ಎರಡನೆಯ ಸಲ ಒತ್ತಿದರೆ `[4, 4, 0, 0]`. ಈ ಎರಡು 4ಗಳು ಈಗ ಕೂಡುವುದಿಲ್ಲ, ಏಕೆಂದರೆ ಒಂದು ಎಳೆತದಲ್ಲಿ ಹುಟ್ಟಿದ ಬಿಲ್ಲೆ ಅದೇ ಎಳೆತದಲ್ಲಿ ಮತ್ತೆ ಕೂಡಬಾರದೆಂಬುದು ಆಟದ ನಿಯಮ. ಬಲಕ್ಕೆ ಎಳೆದಾಗ ಸಾಲನ್ನು ತಿರುಗಿಸಿ, ಇದೇ ಕೆಲಸ ಮಾಡಿ, ಮತ್ತೆ ತಿರುಗಿಸಿದರೆ ಸಾಕು. ಈ ಆಟವನ್ನು ತಾವೇ ಬರೆದು ನೋಡುವವರ ಪ್ರೋಗ್ರಾಮಿನಲ್ಲಿ ಬಿಲ್ಲೆಗಳ ನಡುವೆ ತೆರಪು ಉಳಿದರೆ, ಎರಡನೆಯ ಒತ್ತುವಿಕೆ ಬಿಟ್ಟುಹೋಗಿದೆ ಎಂದೇ ಅರ್ಥ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಏಳಬೇಕು. ಅದಲುಬದಲಿನ ದಾರಿ ಒಳ್ಳೆಯ ಸಂಖ್ಯೆಗಳ ಕ್ರಮ ಕಾಯುತ್ತದೆ, ಸರಿ. ಸೊನ್ನೆಗಳ ಕ್ರಮ? ಸೊನ್ನೆಗೆ ಸೊನ್ನೆಯಿಂದ ವ್ಯತ್ಯಾಸವೇ ಇಲ್ಲದ ಕಾರಣ ನಾವದನ್ನು ಕೇಳುವುದೇ ಇಲ್ಲ. ಕೇಳಿದರೆ ಉತ್ತರ ಬೇರೆಯೇ. ಒಂದು ದಿನಸಿ ಅಂಗಡಿಯ ದಾಸ್ತಾನು ಪಟ್ಟಿಯಲ್ಲಿ ಬೆಲ್ಲ 0 ಕಿಲೋ, ರವೆ 0 ಕಿಲೋ, ಉಪ್ಪು 5 ಕಿಲೋ ಎಂದು ಇದೇ ಕ್ರಮದಲ್ಲಿ ಇದೆ. ಮುಗಿದುಹೋದ ಸಾಮಾನುಗಳನ್ನು ಕೆಳಗೆ ಹಾಕಬೇಕು. ಎರಡು ಬೆರಳಿನ ಕೋಡ್ ಉಪ್ಪನ್ನು ಕಂಡು ಬೆಲ್ಲದೊಂದಿಗೆ ಬದಲಿಸುತ್ತದೆ: ಉಪ್ಪು, ರವೆ, ಬೆಲ್ಲ. ಬೆಲ್ಲದ ಹಿಂದಿದ್ದ ರವೆ ಈಗ ಬೆಲ್ಲದ ಮುಂದೆ ಬಂತು. ಬರೀ ಸಂಖ್ಯೆಗಳಿದ್ದಾಗಲೂ ಹೀಗೆಯೇ ಆಗುತ್ತಿತ್ತು, ಎರಡು ಸೊನ್ನೆಗಳು ಒಂದೇ ಥರ ಇದ್ದದ್ದರಿಂದ ನಮಗೆ ಕಾಣುತ್ತಿರಲಿಲ್ಲ, ಅಷ್ಟೆ. ನಕಲಿನ ದಾರಿ ಇಲ್ಲಿ ಇನ್ನೂ ಅಪಾಯ. ಅದು ಬೆಲ್ಲ, ರವೆಗಳ ಮೇಲೆ ಬರೆದು, ಬಾಲಕ್ಕೆ ತುಂಬಲು ಬರೀ ಸೊನ್ನೆ ಹಿಡಿದುಕೊಂಡು ನಿಲ್ಲುತ್ತದೆ. ಹೆಸರುಗಳು ಮರಳಿ ಬರುವಂತಿಲ್ಲ.

ಅಂದರೆ ಈ ಲೆಕ್ಕ ಸುಲಭವಾದದ್ದು ಎರಡು ಪಾಲುಗಳಲ್ಲಿ ಒಂದಕ್ಕೆ ಕ್ರಮವೆಂಬುದೇ ಇಲ್ಲದ್ದರಿಂದ. ನಮ್ಮ ಅದಲುಬದಲಿನ ಕೋಡನ್ನೇ ಹೋಲುವ ವಿಧಾನವೊಂದು ಕ್ವಿಕ್‌ಸಾರ್ಟ್‌ನಲ್ಲಿ ನಿಕೋ ಲೊಮುಟೊ ಹೆಸರಿನಲ್ಲಿ ಇದೆ, ಜಾನ್ ಬೆಂಟ್ಲಿಯವರ 'ಪ್ರೋಗ್ರಾಮಿಂಗ್ ಪರ್ಲ್ಸ್' ಪುಸ್ತಕದಿಂದ ಹೆಸರಾದದ್ದು. ಅದರಲ್ಲಿಯೂ ಮುಂದಿನ ಪಾಲಿನ ಕ್ರಮ ಉಳಿಯುತ್ತದೆ, ಹಿಂದಿನ ಪಾಲಿನದು ಕಲಸಿಹೋಗುತ್ತದೆ. ಎರಡೂ ಪಾಲಿನ ಕ್ರಮ ಬೇಕೆಂದರೆ ಬೆಲೆ ತೆರಬೇಕು. ಸಿ ಪ್ಲಸ್ ಪ್ಲಸ್‌ನ `std::stable_partition` ಅದನ್ನು ಮಾಡಿಕೊಡುತ್ತದೆ. ಹೆಚ್ಚಿಗೆ ಮೆಮೊರಿ ಸಿಕ್ಕರೆ ಸಾಲಿನ ಉದ್ದಕ್ಕೆ ತಕ್ಕಷ್ಟೇ ಕೆಲಸದಲ್ಲಿ ಮುಗಿಸುತ್ತದೆ. ಸಿಗದಿದ್ದರೆ ಕೆಲಸ ಹೆಚ್ಚುತ್ತದೆ: `n` ಮನೆಗಳಿಗೆ `n log n`ನಷ್ಟು ಅದಲುಬದಲುಗಳವರೆಗೆ ಹೋಗಬಹುದು. ಪೈಥಾನ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು: `a.sort(key=lambda x: x == 0)`. ಪೈಥಾನ್‌ನ ವಿಂಗಡಣೆ ಸಮಾನವಾದವುಗಳ ಕ್ರಮ ಕೆಡಿಸುವುದಿಲ್ಲವೆಂಬ ಭರವಸೆ ಇರುವುದರಿಂದ ಉತ್ತರ ಸರಿ ಬರುತ್ತದೆ. ಆದರೆ ಒಳಗೆ ಸಾಲಿನಷ್ಟೇ ಉದ್ದದ ಇನ್ನೊಂದು ಪಟ್ಟಿ ತಯಾರಾಗುತ್ತದೆ. ಸಣ್ಣ ಪಟ್ಟಿಗೆ ನಾನು ಇದನ್ನೇ ಒಪ್ಪುತ್ತೇನೆ, ದಿನಸಿ ಪಟ್ಟಿಗಂತೂ ಇದೇ ಸರಿ. ಮೆಮೊರಿಯ ಷರತ್ತು ಇದ್ದಲ್ಲಿ ಇದು ನಡೆಯದು.

ಇನ್ನೊಂದು ಎಚ್ಚರಿಕೆ ಸೊನ್ನೆ ಎಂದರೆ ಯಾವುದು ಎಂಬುದರ ಬಗ್ಗೆ. ದಶಮಾಂಶ ಸಂಖ್ಯೆಗಳ ಸಾಲಿನಲ್ಲಿ ಸೊನ್ನೆಯಂತೆ ಕಾಣಬೇಕಾದದ್ದು ಸೊನ್ನೆಯಾಗಿರದೆ ಇರಬಹುದು. ಪೈಥಾನ್‌ನಲ್ಲಿ `0.1 + 0.2 - 0.3` ಎಂದು ಕೊಟ್ಟರೆ `5.551115123125783e-17` ಎಂಬ ಅತಿ ಸಣ್ಣ ಸಂಖ್ಯೆ ಬರುತ್ತದೆ. ನಮ್ಮ ಕೋಡ್ ಅದನ್ನು ಒಳ್ಳೆಯ ಸಂಖ್ಯೆಯೆಂದೇ ತಿಳಿದು ಮುಂದಕ್ಕೆ ತರುತ್ತದೆ. ಅಂಥ ಕಡೆ ಎಷ್ಟು ಸಣ್ಣದಾದರೆ ಸೊನ್ನೆ ಎಂಬುದನ್ನು ನಾವೇ ಗೊತ್ತುಮಾಡಬೇಕು. ಹಾಗೆಯೇ ಪೈಥಾನ್‌ನಲ್ಲಿ `False == 0` ನಿಜವೆಂದೇ ಬರುತ್ತದೆ. ಹೌದು, ಇಲ್ಲ ಎಂಬ ಉತ್ತರಗಳು ಸಂಖ್ಯೆಗಳೊಂದಿಗೆ ಬೆರೆತಿರುವ ಸಾಲಿನಲ್ಲಿ 'ಇಲ್ಲ'ಗಳೂ ಹಿಂದಕ್ಕೆ ಹೋಗಿ ಕೂರುತ್ತವೆ.

ನೀವೇ ಬರೆದು ನೋಡುವುದಾದರೆ, ಸರಿಯೆಂದು ಒಪ್ಪುವ ಮೊದಲು ಐದು ಸಾಲುಗಳನ್ನು ಕೊಟ್ಟು ನೋಡಿ. ಏನೂ ಇಲ್ಲದ `[]`, ಒಂದೇ ಸೊನ್ನೆಯ `[0]`, ಸೊನ್ನೆಯೇ ಇಲ್ಲದ `[3, 1, 2]`, ಮುಂದೆ ಜೋಡಿ ಸೊನ್ನೆ ಇರುವ `[0, 0, 1]`, ಮತ್ತು `[0, -2, 5, -2, 0, 1]`. ಕಿತ್ತು ಹಾಕುವ ಕೋಡಿನ ದೋಷ ನಾಲ್ಕನೆಯದರಲ್ಲಿ ಸಿಕ್ಕಿಬೀಳುತ್ತದೆ. ಸೊನ್ನೆಗಿಂತ ದೊಡ್ಡದೇ ಎಂದು ತಪ್ಪಾಗಿ ಕೇಳಿ ಋಣ ಸಂಖ್ಯೆಗಳನ್ನು ಹಿಂದೆ ಬಿಟ್ಟದ್ದು, ಕ್ರಮ ಕೆಟ್ಟದ್ದು ಐದನೆಯದರಲ್ಲಿ ಕಾಣುತ್ತದೆ. ಅದರ ಸರಿಯುತ್ತರ `[-2, 5, -2, 1, 0, 0]`. ಮೂರನೆಯದು `[1, 2, 3]` ಎಂದು ಹೊರಬಂದರೆ, ನೀವು ಬರೆದಿರುವುದು ಸೊನ್ನೆ ಸರಿಸುವ ಕೋಡಲ್ಲ, ವಿಂಗಡಿಸುವ ಕೋಡು.